ಪಿಎಫ್ ಬಡ್ಡಿಗೆ ತೆರಿಗೆ ಬಂದ ಕಥೆ: ಎರಡೂವರೆ ಲಕ್ಷದ ಗೆರೆ ಯಾರಿಗೆ, ಐದು ವರ್ಷದ ಗೆರೆ ಯಾರಿಗೆ?

‘ಇನ್ಮೇಲೆ ಪಿಎಫ್ ಬಡ್ಡಿಗೂ ಟ್ಯಾಕ್ಸ್ ಹಾಕ್ತಾರಂತೆ, ಇರೋದನ್ನ ಈಗಲೇ ಬಿಡಿಸ್ಕೊಂಡ್ಬಿಡಿ.’

2021ರ ಬಜೆಟ್ ಆದಾಗಿನಿಂದ ಈ ಮಾತು ವಾಟ್ಸಾಪ್‌ನಲ್ಲಿ ಆಗಾಗ ತಿರುಗುತ್ತಲೇ ಇದೆ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಪಿಎಫ್ ಕಟ್ಟುವವರಿದ್ದಾರೆ. ಒಬ್ಬರು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ, ಇನ್ನೊಬ್ಬರು ಮೈಸೂರಿನ ಫ್ಯಾಕ್ಟರಿಯಲ್ಲಿ, ಮತ್ತೊಬ್ಬರು ಕೊಡಗಿನ ಕಾಫಿ ತೋಟದಲ್ಲಿ. ಈ ಮಾತು ಕೇಳಿ ಹೆದರಿ ಹಣ ತೆಗೆದವರಿಗೆ ಯಾವ ತೆರಿಗೆ ತಾಗಬೇಕಿರಲಿಲ್ಲವೋ ಅದು ತಾಗುವುದಿಲ್ಲ. ಆದರೆ ಬೇರೊಂದು ತೆರಿಗೆ ತಾಗಬಹುದು. ಅದು ಹೇಗೆ ಎಂದು ತಿಳಿಯಬೇಕಾದರೆ ಈ ಬಡ್ಡಿಯ ಇತಿಹಾಸವನ್ನು ಮೊದಲಿನಿಂದ ನೋಡಬೇಕು.

ರೂಪಾಯಿಗೆ ಒಂದಾಣೆ

ನೌಕರರ ಭವಿಷ್ಯ ನಿಧಿ ಹುಟ್ಟಿದ್ದು 1951ರ ನವೆಂಬರ್ 15ರ ಸುಗ್ರೀವಾಜ್ಞೆಯಿಂದ. ಮರುವರ್ಷ ಅದು ಸಂಸತ್ತಿನ ಕಾಯ್ದೆಯಾಯಿತು. ಮೊದಲಿಗೆ ಇದು ಅನ್ವಯವಾದದ್ದು ಸಿಮೆಂಟ್, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ ಎಂಬ ಆರು ಕೈಗಾರಿಕೆಗಳಿಗೆ ಮಾತ್ರ. 1957ರಲ್ಲಿ ಕಾಫಿ, ಏಲಕ್ಕಿ, ಮೆಣಸಿನ ತೋಟಗಳೂ ಸೇರಿದವು. ನಮ್ಮ ಪಕ್ಕದ ಕೊಡಗಿನ ತೋಟದ ಆಳುಗಳಿಗೆ ಪಿಎಫ್ ಎಂಬ ಪದ ಪರಿಚಯವಾದದ್ದು ಹೀಗೆ.

ಆಗಿನ ವಂತಿಗೆ ಸಂಬಳದ ಶೇ 6.25, ಅಂದರೆ ರೂಪಾಯಿಗೆ ಒಂದಾಣೆ. ಕೆಲಸಗಾರ ಒಂದಾಣೆ ಕಟ್ಟಿದರೆ ಮಾಲೀಕನೂ ಒಂದಾಣೆ ಕಟ್ಟಬೇಕು. ಮೊದಲ ವರ್ಷದ ಬಡ್ಡಿ ಶೇ 3. ತಿಂಗಳಿಗೆ 300 ರೂಪಾಯಿವರೆಗೆ ಸಂಬಳ ಇದ್ದವರಿಗೆ ಮಾತ್ರ ಇದು ಕಡ್ಡಾಯವಾಗಿತ್ತು. ಯಾಕೆಂದರೆ ಇದು ದೊಡ್ಡ ಸಂಬಳದವರಿಗಾಗಿ ಮಾಡಿದ್ದಲ್ಲ. ಪಿಂಚಣಿ ಇಲ್ಲದ ಕಾರ್ಮಿಕನ ಕೈಯಲ್ಲಿ ಕೆಲಸ ಬಿಟ್ಟ ದಿನ ಒಂದಿಷ್ಟು ಗಂಟು ಇರಲಿ ಎಂದು ಮಾಡಿದ್ದು.

ಆದಾಯ ತೆರಿಗೆಯ ಕಾನೂನು ಇದಕ್ಕೆ ಒಪ್ಪುವಂತೆ ನಡೆಯಿತು. 1961ರ ಕಾಯ್ದೆಯಡಿ ಮೂರು ಕಡೆ ಬಿಡುವು ಇತ್ತು. ಹಣ ಕಟ್ಟುವಾಗ ಒಂದು ಮಿತಿಯವರೆಗೆ ತೆರಿಗೆ ಉಳಿತಾಯ. ವರ್ಷವರ್ಷ ಬೀಳುವ ಬಡ್ಡಿಗೆ ತೆರಿಗೆ ಇಲ್ಲ. ಐದು ವರ್ಷ ಸೇವೆ ಮುಗಿಸಿ ತೆಗೆದರೆ ಅದಕ್ಕೂ ತೆರಿಗೆ ಇಲ್ಲ. ಬಡ್ಡಿಯ ದರವೂ ಚೆನ್ನಾಗಿತ್ತು. 1989-90ರಿಂದ ಹತ್ತಕ್ಕೂ ಹೆಚ್ಚು ವರ್ಷ ಶೇ 12ರಂತೆ ಸಿಕ್ಕಿತು. ಆಮೇಲೆ ಇಳಿದರೂ 2019-20 ಮತ್ತು 2020-21ರಲ್ಲಿ ಶೇ 8.5 ಇತ್ತು. ಆಗ ಬ್ಯಾಂಕಿನ ಎಫ್‌ಡಿಗೆ ಸಿಗುತ್ತಿದ್ದುದು ಶೇ ಐದೂವರೆ ಆಸುಪಾಸು, ಅದಕ್ಕೂ ತೆರಿಗೆ.

ಇಲ್ಲೊಂದು ಬಾಗಿಲು ತೆರೆದೇ ಇತ್ತು. ಕಡ್ಡಾಯದ ಶೇ 12ರ ಮೇಲೆ ನೌಕರ ತಾನಾಗಿ ಹೆಚ್ಚು ಹಣ ಹಾಕಬಹುದು. ಬೇಕಾದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಪೂರ್ತಿ ಮೊತ್ತವನ್ನೇ ಹಾಕಬಹುದು. ಇದಕ್ಕೆ ಸ್ವಯಂಪ್ರೇರಿತ ಭವಿಷ್ಯ ನಿಧಿ, ಚಿಕ್ಕದಾಗಿ ವಿಪಿಎಫ್ ಅನ್ನುತ್ತಾರೆ. ಮಾಲೀಕ ಅದಕ್ಕೆ ಸಮನಾಗಿ ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಾತ್ರ ಅದೇ ದರ, ಅದೇ ತೆರಿಗೆ ವಿನಾಯಿತಿ. ಮನೆ ಖರ್ಚಿಗೆ ಬೇರೆ ಆದಾಯ ಇರುವ ದೊಡ್ಡ ಸಂಬಳದವರಿಗೆ ಇಷ್ಟು ಸುಭದ್ರ ಜಾಗ ಬೇರೆ ಇರಲಿಲ್ಲ.

2016: ಎರಡು ತಿಂಗಳು, ಎರಡು ಹಿನ್ನಡೆ

ಸರ್ಕಾರ ಈ ಬಡ್ಡಿಗೆ ಕೈ ಹಾಕಲು ಮೊದಲು ಹೊರಟಿದ್ದು 2016ರ ಫೆಬ್ರವರಿ 29ರ ಬಜೆಟ್‌ನಲ್ಲಿ. ಆಗ ಹಣಕಾಸು ಸಚಿವರಾಗಿದ್ದವರು ಅರುಣ್ ಜೇಟ್ಲಿ. 2016ರ ಏಪ್ರಿಲ್ 1ರ ನಂತರ ಕಟ್ಟುವ ವಂತಿಗೆಯಿಂದ ಬೆಳೆದ ಗಂಟನ್ನು ತೆಗೆಯುವಾಗ ಶೇ 40ಕ್ಕೆ ಮಾತ್ರ ತೆರಿಗೆ ಇಲ್ಲ, ಉಳಿದದ್ದಕ್ಕೆ ಇದೆ ಎಂದರು. ಗದ್ದಲ ಎದ್ದಿತು. ಅಸಲಿಗಲ್ಲ, ಬಡ್ಡಿಗೆ ಮಾತ್ರ ಎಂದು ಮರುದಿನ ವಿವರಣೆ ಬಂತು. ಅದೂ ನಿಲ್ಲಲಿಲ್ಲ. ಮಾರ್ಚ್ 8ರಂದು ಪ್ರಸ್ತಾವವನ್ನೇ ಹಿಂದಕ್ಕೆ ಪಡೆದರು.

ಈ ಗದ್ದಲಕ್ಕೂ ಮುಂಚೆಯೇ ಇನ್ನೊಂದು ಆದೇಶ ಸದ್ದಿಲ್ಲದೆ ಹೊರಟಿತ್ತು. ಫೆಬ್ರವರಿ 10ರ ಅಧಿಸೂಚನೆ ಅದು. ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸ ಸಿಗದಿದ್ದರೆ ಪಿಎಫ್ ಪೂರ್ತಿ ತೆಗೆಯಬಹುದಿತ್ತು. ಹೊಸ ನಿಯಮದಂತೆ ತನ್ನ ಪಾಲು ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತದೆ. ಮಾಲೀಕನ ಪಾಲು ಬೇಕಾದರೆ 58 ವರ್ಷ ಆಗುವವರೆಗೆ ಕಾಯಬೇಕು.

ಈ ಸುದ್ದಿ ಬೆಂಗಳೂರಿನ ಗಾರ್ಮೆಂಟ್ಸ್ ಒಳಗೆ ಹರಡಿದಾಗ ಏನಾಯಿತು ಎಂಬುದು ಹಲವರಿಗೆ ನೆನಪಿರಬಹುದು. ಏಪ್ರಿಲ್ 18ರಂದು ಸಾವಿರಾರು ಕಾರ್ಮಿಕರು ಹೊಸೂರು ರಸ್ತೆಗೆ ಇಳಿದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ದೊಡ್ಡ ಯೂನಿಯನ್ ಯಾವುದೂ ಕರೆ ಕೊಟ್ಟಿರಲಿಲ್ಲ. ಮರುದಿನ ಇದು ತುಮಕೂರು ರಸ್ತೆಯ ಕಡೆಗೂ ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಅಂದು ಮೊದಲು ಮೂರು ತಿಂಗಳು ಮುಂದೂಡುತ್ತೇವೆ ಎಂದ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ, ದಿನ ಮುಗಿಯುವುದರೊಳಗೆ ಅಧಿಸೂಚನೆಯನ್ನೇ ರದ್ದು ಮಾಡುವುದಾಗಿ ಹೇಳಿದರು.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮಾರ್ಚ್‌ನ ಗದ್ದಲ ಸಂಬಳದ ಸ್ಲಿಪ್ ನೋಡಿ ತೆರಿಗೆ ಲೆಕ್ಕ ಹಾಕುವವರದು. ಏಪ್ರಿಲ್‌ನ ಸಿಟ್ಟು ತೆರಿಗೆಯದಲ್ಲ, ಕೈಗೆ ಹಣ ಸಿಗುವುದರದು. ಹೊಲಿಗೆ ಮಿಷನ್ನಿನ ಮುಂದೆ ಕೂತವಳಿಗೆ 58 ವರ್ಷದವರೆಗೆ ಅಲ್ಲಿ ದುಡಿಯುವ ನಂಬಿಕೆ ಇಲ್ಲ. ಮದುವೆ, ಹೆರಿಗೆ, ಊರಲ್ಲಿ ಮನೆ, ಮಗುವಿನ ಶಾಲೆ, ಇದಕ್ಕೆಲ್ಲ ಆ ಗಂಟು ಬೇಕು. ಪಿಎಫ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಬದುಕುಗಳಿವೆ. ಬಡ್ಡಿ ಮೇಲಿನ ತೆರಿಗೆಯ ಕಥೆ ಅರ್ಥವಾಗುವುದು ಇದನ್ನು ಮರೆಯದಿದ್ದರೆ ಮಾತ್ರ.

2017: ಬೆಂಗಳೂರಿನ ಒಂದು ತೀರ್ಪು

ಮುಂದಿನ ಹೆಜ್ಜೆ ಬಜೆಟ್‌ನಿಂದ ಬರಲಿಲ್ಲ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯಿಂದ ಬಂತು. ಒಂದು ದೊಡ್ಡ ಕಂಪನಿಯಿಂದ 2002ರಲ್ಲಿ ನಿವೃತ್ತರಾದವರೊಬ್ಬರು ಪಿಎಫ್ ಹಣವನ್ನು ತೆಗೆಯದೆ ಹಾಗೇ ಬಿಟ್ಟಿದ್ದರು. ನಿವೃತ್ತಿಯ ದಿನ ಖಾತೆಯಲ್ಲಿ ಇದ್ದುದು 37.93 ಲಕ್ಷ ರೂಪಾಯಿ. 2011ರಲ್ಲಿ ತೆಗೆದಾಗ ಅದು 82 ಲಕ್ಷವಾಗಿತ್ತು. ನಡುವೆ ಬೆಳೆದ 44.07 ಲಕ್ಷ ಬಡ್ಡಿಗೆ ಇಲಾಖೆ ತೆರಿಗೆ ಕೇಳಿತು.

ಪಿಎಫ್ ಬಡ್ಡಿಗೆ ತೆರಿಗೆ ಇಲ್ಲವಲ್ಲ ಎಂಬುದು ಅವರ ವಾದ. ವಿನಾಯಿತಿ ಇರುವುದು ನೌಕರನಿಗೆ, ನೌಕರಿ ಮುಗಿದ ದಿನದವರೆಗೆ ಕೂಡಿದ ಹಣಕ್ಕೆ ಎಂದು ನ್ಯಾಯಮಂಡಳಿ 2017ರಲ್ಲಿ ಹೇಳಿತು. ಆಮೇಲಿನ ಬಡ್ಡಿ ಮಾಮೂಲಿ ಬಡ್ಡಿಯಂತೆಯೇ, ಅದಕ್ಕೆ ತೆರಿಗೆ ಉಂಟು.

ಕೆಲಸ ಬಿಟ್ಟು ಊರಿಗೆ ಬಂದು ಪಿಎಫ್ ಹಣ ಅಲ್ಲೇ ಇರಲಿ ಎಂದು ಬಿಟ್ಟವರಿಗೂ ಈ ಮಾತು ಅನ್ವಯಿಸುತ್ತದೆ. ಆದರೆ ವರ್ಷದ ಒಟ್ಟು ಆದಾಯ ತೆರಿಗೆ ಮಿತಿಯೊಳಗೆ ಇದ್ದರೆ ಕಟ್ಟಬೇಕಾದ್ದು ಏನೂ ಇರುವುದಿಲ್ಲ. ಐವತ್ತು ಸಾವಿರದ ಗಂಟಿನ ಮೇಲೆ ವರ್ಷಕ್ಕೆ ನಾಲ್ಕು ಸಾವಿರ ಬಡ್ಡಿ ಬಿದ್ದರೆ, ಬೇರೆ ದೊಡ್ಡ ಆದಾಯ ಇಲ್ಲದವರು ಹೆದರಬೇಕಿಲ್ಲ.

2021: ಗೆರೆ ಬಿತ್ತು

2020ರ ಬಜೆಟ್‌ನಲ್ಲಿ ಮಾಲೀಕನ ಪಾಲಿಗೆ ಮಿತಿ ಬಂತು. ಪಿಎಫ್, ಎನ್‌ಪಿಎಸ್ ಮುಂತಾದವು ಸೇರಿ ವರ್ಷಕ್ಕೆ ಏಳೂವರೆ ಲಕ್ಷ ದಾಟಿದರೆ ಹೆಚ್ಚಿನದಕ್ಕೆ ತೆರಿಗೆ. 2021ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ನೌಕರನ ಪಾಲಿಗೂ ಗೆರೆ ಎಳೆದರು. ಅವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ನೌಕರನ ಸ್ವಂತ ವಂತಿಗೆ ವರ್ಷಕ್ಕೆ 2.5 ಲಕ್ಷ ರೂಪಾಯಿ ದಾಟಿದರೆ, ದಾಟಿದ ಹಣದ ಬಡ್ಡಿಗೆ ತೆರಿಗೆ. ಇದು 2021ರ ಏಪ್ರಿಲ್ 1ರಿಂದ ಕಟ್ಟುವ ಹಣಕ್ಕೆ ಅನ್ವಯ. ಅದಕ್ಕೂ ಹಿಂದಿನ ಗಂಟು ಮತ್ತು ಅದರ ಬಡ್ಡಿಯನ್ನು ಮುಟ್ಟಲಿಲ್ಲ.

ಮಾರ್ಚ್ 23ರಂದು ಒಂದು ತಿದ್ದುಪಡಿ ಬಂತು. ಮಾಲೀಕನ ಪಾಲು ಇಲ್ಲದ ನಿಧಿಗಳಿಗೆ ಮಿತಿ 5 ಲಕ್ಷ ಆಯಿತು. ಇದರ ಲಾಭ ಸಿಕ್ಕಿದ್ದು ಮುಖ್ಯವಾಗಿ ಜಿಪಿಎಫ್ ಇರುವ ಸರ್ಕಾರಿ ನೌಕರರಿಗೆ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್‌ಗೆ ಮುಂಚೆ ಸೇರಿದ ಮೇಷ್ಟ್ರುಗಳು, ಕಚೇರಿ ಸಿಬ್ಬಂದಿ ಇದರಲ್ಲಿ ಬರುತ್ತಾರೆ.

ಗೆರೆ ಯಾಕೆ ಬೇಕಿತ್ತು ಎಂಬುದಕ್ಕೆ ಕಂದಾಯ ಇಲಾಖೆಯ ಅಧಿಕಾರಿಗಳು ಆಗ ಪತ್ರಿಕೆಗಳಿಗೆ ಒಂದು ಲೆಕ್ಕ ಕೊಟ್ಟಿದ್ದರು. ಸುಮಾರು ನಾಲ್ಕೂವರೆ ಕೋಟಿ ಖಾತೆಗಳಲ್ಲಿ 1.23 ಲಕ್ಷ ಖಾತೆಗಳು ದೊಡ್ಡ ಸಂಬಳದವರವು. ಅವುಗಳಲ್ಲೇ 62,500 ಕೋಟಿ ರೂಪಾಯಿ ಇತ್ತು. ಒಂದೇ ಖಾತೆಯಲ್ಲಿ ನೂರು ಕೋಟಿಗೂ ಮೀರಿದ ಹಣ ಇತ್ತು. ರೂಪಾಯಿಗೆ ಒಂದಾಣೆ ಕಟ್ಟುವವನಿಗೆಂದು ಮಾಡಿದ ಬಿಡುವು ಎಲ್ಲಿಗೆ ಹೋಗಿ ತಲುಪಿತ್ತು ಎಂಬುದಕ್ಕೆ ಇದು ಸಾಕ್ಷಿ.

ಈಗ ನಿಮ್ಮ ಮನೆಯವರ ಲೆಕ್ಕ ನೋಡಿ. ಕಡ್ಡಾಯ ಪಿಎಫ್‌ನ ಸಂಬಳ ಮಿತಿ 2014ರ ಸೆಪ್ಟೆಂಬರ್‌ನಲ್ಲಿ 15,000 ರೂಪಾಯಿಗೆ ಏರಿತು. ಅದರ ಶೇ 12 ಎಂದರೆ ತಿಂಗಳಿಗೆ 1,800, ವರ್ಷಕ್ಕೆ 21,600. ಎರಡೂವರೆ ಲಕ್ಷದ ಗೆರೆ ಮುಟ್ಟಬೇಕಾದರೆ ಇದರ ಹನ್ನೊಂದೂವರೆ ಪಟ್ಟು ಕಟ್ಟಬೇಕು. ಬರೀ ಶೇ 12ರ ವಂತಿಗೆಯಿಂದಲೇ ಆ ಗೆರೆ ದಾಟಲು ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ ಸುಮಾರು 1,73,600 ರೂಪಾಯಿ ಬರುತ್ತಿರಬೇಕು. ಮಾಲೀಕ ಕಟ್ಟುವ ಪಾಲು ಈ ಎರಡೂವರೆ ಲಕ್ಷಕ್ಕೆ ಲೆಕ್ಕವಿಲ್ಲ. ಆದರೆ ವಿಪಿಎಫ್ ಲೆಕ್ಕಕ್ಕೆ ಬರುತ್ತದೆ.

ಒಂದು ಖಾತೆ, ಎರಡು ಗೂಡು

ಕಾನೂನು ಬಂದರೂ ಬಡ್ಡಿಯನ್ನು ಬೇರೆ ಮಾಡುವುದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. 2021ರ ಆಗಸ್ಟ್ 31ರಂದು ಬಂದ ‘9ಡಿ’ ಎಂಬ ನಿಯಮ ಅದಕ್ಕೆ ಉತ್ತರ ಕೊಟ್ಟಿತು. ಒಂದೇ ಪಿಎಫ್ ಖಾತೆಯೊಳಗೆ ಎರಡು ಲೆಕ್ಕ ಇಡಬೇಕು. ಮೊದಲನೆಯದು ತೆರಿಗೆ ಇಲ್ಲದ ಗೂಡು. ಅದರಲ್ಲಿ 2021ರ ಮಾರ್ಚ್ 31ರವರೆಗಿನ ಗಂಟು, ಆಮೇಲೆ ವರ್ಷವರ್ಷ ಗೆರೆಯೊಳಗೆ ಕಟ್ಟಿದ ಹಣ, ಇವುಗಳ ಬಡ್ಡಿ. ಎರಡನೆಯದು ತೆರಿಗೆಯ ಗೂಡು. ಅದರಲ್ಲಿ ಗೆರೆ ದಾಟಿದ ಹಣ ಮತ್ತು ಅದರ ಬಡ್ಡಿ.

ಒಂದು ಉದಾಹರಣೆ ಹಾಕಿ ನೋಡೋಣ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವ ನಮ್ಮ ಕಡೆಯ ಒಬ್ಬ ಹುಡುಗ ವಿಪಿಎಫ್ ಸೇರಿ ತಿಂಗಳಿಗೆ 30,000 ಕಟ್ಟುತ್ತಾನೆ, ಹಣ ಆಯಾ ತಿಂಗಳೇ ಖಾತೆಗೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ 2.4 ಲಕ್ಷ ಆಯಿತು. ಡಿಸೆಂಬರ್‌ನ ಮೂವತ್ತರಲ್ಲಿ ಹತ್ತು ಸಾವಿರ ಮೊದಲ ಗೂಡಿಗೆ, ಇಪ್ಪತ್ತು ಸಾವಿರ ಎರಡನೆಯದಕ್ಕೆ. ಜನವರಿ, ಫೆಬ್ರವರಿ, ಮಾರ್ಚ್‌ನ ಹಣ ಪೂರ್ತಿ ಎರಡನೆಯದಕ್ಕೆ. ವರ್ಷದ ಕೊನೆಗೆ ತೆರಿಗೆಯ ಗೂಡಿನಲ್ಲಿ 1,10,000 ರೂಪಾಯಿ.

ಪಿಎಫ್ ಬಡ್ಡಿಯನ್ನು ಹಿಂದಿನ ತಿಂಗಳ ಕೊನೆಯ ಬಾಕಿಯ ಮೇಲೆ ತಿಂಗಳು ತಿಂಗಳು ಎಣಿಸಿ, ವರ್ಷದ ಕೊನೆಗೆ ಜಮಾ ಮಾಡುತ್ತಾರೆ. ಹಾಗಾಗಿ ಜನವರಿಗೆ 20,000ದ ಮೇಲೆ, ಫೆಬ್ರವರಿಗೆ 50,000ದ ಮೇಲೆ, ಮಾರ್ಚ್‌ಗೆ 80,000ದ ಮೇಲೆ ಬಡ್ಡಿ. 2021-22ರ ದರ ಶೇ 8.1ರಂತೆ ಮೂರೂ ಸೇರಿ ಸುಮಾರು 1,012 ರೂಪಾಯಿ. ಅವನು ಶೇ 30ರ ತೆರಿಗೆ ಹಂತದಲ್ಲಿದ್ದರೆ ಸೆಸ್ ಸೇರಿ 316 ರೂಪಾಯಿ ತೆರಿಗೆ. ಇಷ್ಟೇನಾ ಎನಿಸುತ್ತದೆ.

ಎರಡನೇ ವರ್ಷವೂ ಅಷ್ಟೇ ಕಟ್ಟುತ್ತಾನೆ. ಆದರೆ ತೆರಿಗೆಯ ಗೂಡು ಖಾಲಿಯಾಗಿ ಶುರುವಾಗುವುದಿಲ್ಲ. ಹಿಂದಿನ 1,11,012 ಅಲ್ಲೇ ಇದೆ, ಅದಕ್ಕೆ ಪೂರ್ತಿ ವರ್ಷದ ಬಡ್ಡಿ ಬೀಳುತ್ತದೆ. 2022-23ರ ಶೇ 8.15ರಂತೆ, ಹೊಸ ಹಣದ ಬಡ್ಡಿಯೂ ಸೇರಿ ಸುಮಾರು 10,066 ಆಗುತ್ತದೆ. ಮೂರನೇ ವರ್ಷ ಶೇ 8.25ರಂತೆ ಸುಮಾರು 20,095. ಕಡಿತವಾದ ತೆರಿಗೆಯನ್ನು ಈ ಲೆಕ್ಕದಲ್ಲಿ ಕಳೆದಿಲ್ಲ. ಕಟ್ಟುವ ಹಣ ಒಂದು ರೂಪಾಯಿ ಹೆಚ್ಚಿಲ್ಲ, ತೆರಿಗೆ ಬೀಳುವ ಬಡ್ಡಿ ಮಾತ್ರ ಒಂದು ಸಾವಿರದಿಂದ ಹತ್ತಕ್ಕೆ, ಹತ್ತರಿಂದ ಇಪ್ಪತ್ತಕ್ಕೆ ಏರಿತು. ಒಮ್ಮೆ ಎರಡನೇ ಗೂಡಿಗೆ ಬಿದ್ದ ಹಣ ಮತ್ತೆ ಮೊದಲ ಗೂಡಿಗೆ ಬರುವುದಿಲ್ಲ. ಮುಂದೆ ಅವನು ವಿಪಿಎಫ್ ನಿಲ್ಲಿಸಿದರೂ ಆ ಹಣದ ಬಡ್ಡಿಗೆ, ಬಡ್ಡಿಯ ಬಡ್ಡಿಗೆ, ಹಣ ತೆಗೆಯುವವರೆಗೆ ವರ್ಷವರ್ಷ ತೆರಿಗೆ ಇದ್ದೇ ಇರುತ್ತದೆ.

ಪಿಎಫ್ ಸಂಸ್ಥೆ 2022ರ ಏಪ್ರಿಲ್ 6ರ ಸುತ್ತೋಲೆಯಲ್ಲಿ ಕಡಿತದ ಕ್ರಮ ಹೇಳಿತು. ಖಾತೆಗೆ ಪ್ಯಾನ್ ಜೋಡಿಸಿದ್ದರೆ ತೆರಿಗೆ ಬೀಳುವ ಬಡ್ಡಿಯಲ್ಲಿ ಶೇ 10, ಇಲ್ಲದಿದ್ದರೆ ಶೇ 20 ಟಿಡಿಎಸ್. ಆ ಬಡ್ಡಿ ವರ್ಷಕ್ಕೆ 5,000 ದಾಟದಿದ್ದರೆ ಕಡಿತ ಇಲ್ಲ ಎಂದು ಆ ಸುತ್ತೋಲೆ ಹೇಳಿತ್ತು. ಜನ ಮೋಸ ಹೋಗುವುದು ಇಲ್ಲೇ. ಕಡಿತ ಆಗಲಿಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ. ನಮ್ಮ ಹುಡುಗನ ಮೊದಲ ವರ್ಷದ 1,012ಕ್ಕೆ ಕಡಿತ ಆಗುವುದಿಲ್ಲ, ಆದರೂ ಅದನ್ನು ರಿಟರ್ನ್ಸ್‌ನಲ್ಲಿ ‘ಇತರ ಮೂಲದ ಆದಾಯ’ ಎಂದು ತೋರಿಸಬೇಕು. ಎರಡನೇ ವರ್ಷ 1,006 ರೂಪಾಯಿ ಕಡಿತವಾದರೂ ಒಟ್ಟು ತೆರಿಗೆ ಸುಮಾರು 3,140. ಉಳಿದ 2,134 ಅವನೇ ಕಟ್ಟಬೇಕು. ಪಿಎಫ್ ಪಾಸ್‌ಬುಕ್ಕಿನಲ್ಲಿ ತೆರಿಗೆ ಬೀಳುವ ಭಾಗ ಬೇರೆಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಆದಾಯ ತೆರಿಗೆಯ ವೆಬ್‌ಸೈಟಿನ ವಾರ್ಷಿಕ ವಿವರದ ಜೊತೆ ಅದನ್ನು ತಾಳೆ ಹಾಕಬೇಕು.

ನಮ್ಮವರಿಗೆ ತಾಗುವ ತೆರಿಗೆ ಬೇರೆ

ಈಗ ಮೊದಲಿನ ವಾಟ್ಸಾಪ್ ಮಾತಿಗೆ ಬರೋಣ. ತಿಂಗಳಿಗೆ 1,500, 1,800 ಕಟ್ಟುವವರನ್ನು ಎರಡೂವರೆ ಲಕ್ಷದ ಗೆರೆ ಮುಟ್ಟುವುದೇ ಇಲ್ಲ. ಅವರು ಹೆದರಿ ಕೆಲಸ ಬಿಟ್ಟು ಹಣ ತೆಗೆದರೆ ಸಿಕ್ಕಿಬೀಳುವುದು ಹಳೆಯ ಇನ್ನೊಂದು ಗೆರೆಗೆ. ಅದು ಐದು ವರ್ಷದ್ದು.

ಐದು ವರ್ಷ ಸೇವೆ ಆಗುವ ಮುಂಚೆ ಪಿಎಫ್ ತೆಗೆದರೆ ಆ ಹಣಕ್ಕೆ ತೆರಿಗೆ ಉಂಟು. 2015ರ ಜೂನ್ 1ರಿಂದ ಇದಕ್ಕೆ ಕಡಿತವೂ ಶುರುವಾಯಿತು. ತೆಗೆಯುವ ಹಣ 30,000 ರೂಪಾಯಿ ಇದ್ದರೆ ಕಡಿತ ಎಂದಿದ್ದದ್ದನ್ನು ಮರುವರ್ಷ 50,000ಕ್ಕೆ ಏರಿಸಿದರು. ಮೂರು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದ ಹೆಣ್ಣುಮಗಳೊಬ್ಬಳು 60,000 ತೆಗೆಯುತ್ತಾಳೆ ಎನ್ನಿ. ಪ್ಯಾನ್ ಜೋಡಿಸಿದ್ದರೆ ಶೇ 10, ಅಂದರೆ 6,000 ಕಡಿತ. ಪ್ಯಾನ್ ಇಲ್ಲದಿದ್ದರೆ ಶೇ 20, ಅಂದರೆ 12,000. ಅವಳ ವರ್ಷದ ಆದಾಯಕ್ಕೆ ತೆರಿಗೆಯೇ ಬೀಳದಿದ್ದರೆ ಹಣ ಕೇಳುವಾಗಲೇ ಪ್ಯಾನ್ ಜೊತೆ ಸ್ವಯಂ ಘೋಷಣೆಯ ಫಾರಂ ಕೊಡಬಹುದಿತ್ತು, ಆಗ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಕಡಿತ ಆಗಿಹೋಗಿದ್ದರೂ ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತದೆ. ಆದರೆ ಕಡಿತವಾದದ್ದು ಅವಳ ಪ್ಯಾನ್ ಹೆಸರಿನಲ್ಲಿ ಜಮಾ ಆಗಿರಬೇಕು. ಪ್ಯಾನ್ ಇಲ್ಲದೆ ಹೋದ ಹಣವನ್ನು ಹುಡುಕಿ ತರುವುದು ಕಷ್ಟ.

ಐದು ವರ್ಷ ಎಂದರೆ ಒಂದೇ ಫ್ಯಾಕ್ಟರಿಯಲ್ಲಿ ಐದು ವರ್ಷ ಎಂದಲ್ಲ. ಹಳೆಯ ಕೆಲಸದ ಪಿಎಫ್ ತೆಗೆಯದೆ ಹೊಸ ಕೆಲಸದ ಖಾತೆಗೆ ವರ್ಗಾಯಿಸಿದ್ದರೆ ಎರಡೂ ಕಡೆಯ ಸೇವೆ ಕೂಡುತ್ತದೆ. ಪೀಣ್ಯದಲ್ಲಿ ಎರಡು ವರ್ಷ, ಮೈಸೂರಿನಲ್ಲಿ ಮೂರು ವರ್ಷ ದುಡಿದರೆ ಐದಾಯಿತು. ಕಾಯಿಲೆಯಿಂದ ಕೆಲಸ ಹೋದರೆ, ಫ್ಯಾಕ್ಟರಿಯೇ ಮುಚ್ಚಿದರೆ ಐದು ವರ್ಷ ತುಂಬದಿದ್ದರೂ ತೆರಿಗೆ ಇಲ್ಲ.

ಜಾಗ ಬಿಟ್ಟು ಅಲುಗದ ಗೆರೆ

ಎರಡೂವರೆ ಲಕ್ಷದ ಗೆರೆ ಇವತ್ತು ನಮ್ಮವರಿಗೆ ದೂರ ಇದೆ ಎಂದ ಮಾತ್ರಕ್ಕೆ ಅದರ ಕಥೆ ಮುಗಿಯಲಿಲ್ಲ. ಕಡ್ಡಾಯ ಪಿಎಫ್‌ನ ಸಂಬಳ ಮಿತಿ 1952ರಲ್ಲಿ 300 ಇದ್ದದ್ದು 2001ರಲ್ಲಿ 6,500, 2014ರಲ್ಲಿ 15,000 ಆಯಿತು. ನಡುನಡುವೆ ಹಲವು ವರ್ಷ ನಿಂತಲ್ಲೇ ನಿಂತಿತ್ತು, ಸಂಬಳ ಮಾತ್ರ ಏರುತ್ತಿತ್ತು. ಎರಡೂವರೆ ಲಕ್ಷಕ್ಕೂ ಬೆಲೆಯೇರಿಕೆಗೂ ಕಾನೂನಿನಲ್ಲಿ ಯಾವ ಗಂಟೂ ಹಾಕಿಲ್ಲ. 2025ರ ಬಜೆಟ್‌ವರೆಗೂ ಯಾರೂ ಅದನ್ನು ಮುಟ್ಟಲಿಲ್ಲ.

2021ರಲ್ಲಿ ತಿಂಗಳಿಗೆ ಒಂದು ಲಕ್ಷ ಮೂಲ ವೇತನ ಇದ್ದ ಎಂಜಿನಿಯರ್‌ಗೆ ವರ್ಷಕ್ಕೆ ಶೇ 8ರಂತೆ ಏರಿಕೆ ಸಿಕ್ಕರೆ, ವಿಪಿಎಫ್ ಒಂದು ರೂಪಾಯಿ ಹಾಕದಿದ್ದರೂ ಏಳೆಂಟು ವರ್ಷದಲ್ಲಿ ಅವನ ಶೇ 12ರ ಪಾಲು ಗೆರೆ ದಾಟುತ್ತದೆ. ನೂರು ಕೋಟಿಯ ಖಾತೆ ತೋರಿಸಿ ಎಳೆದ ಗೆರೆ ಹೀಗೆ ಮೆಲ್ಲಗೆ ಮಧ್ಯಮ ಸಂಬಳದವರ ಹತ್ತಿರಕ್ಕೆ ಬರುತ್ತದೆ. ಪಟ್ಟಣದಲ್ಲಿ ಓದಿಸಿ ಬೆಂಗಳೂರಿಗೆ ಕಳಿಸಿದ ಮಕ್ಕಳು ಊರಿಗೆ ಬಂದಾಗ ವಿಪಿಎಫ್ ಹಾಕುತ್ತಿದ್ದೀರಾ, ವರ್ಷಕ್ಕೆ ಒಟ್ಟು ಎಷ್ಟು ಹೋಗುತ್ತಿದೆ ಎಂದು ಕೇಳಿ. ತಿಂಗಳಿಗೆ 20,833 ರೂಪಾಯಿ ದಾಟಿದ್ದರೆ ಅವರ ಖಾತೆಯಲ್ಲಿ ಎರಡನೇ ಗೂಡು ತೆರೆದಿದೆ. ಗಾರ್ಮೆಂಟ್ಸ್‌ನಿಂದ ಬಂದ ಮಗಳನ್ನು ಕೇಳಬೇಕಾದ್ದು ಬೇರೆ: ಪಿಎಫ್‌ಗೆ ಪ್ಯಾನ್ ಜೋಡಿಸಿದೆಯಾ, ಸೇವೆ ಐದು ವರ್ಷ ಆಯಿತಾ?